ಎಂಟು ಕಪ್ ಚಹಾ, ಎರಡು ಸಾವಿರ ಇಮೇಲ್

ಪುಸ್ತಕದಂಗಡಿ ನಡೆಸುವ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಪ್ರತಿ ತಿಂಗಳೂ ಅವರು ಎರಡು ಸಾವಿರ ಗಿರಾಕಿಗಳಿಗೆ ಇಮೇಲ್‌ನಲ್ಲಿ ನ್ಯೂಸ್‌ಲೆಟರ್ ಕಳಿಸುತ್ತಾರೆ. ಸಬ್ಜೆಕ್ಟ್ ಲೈನ್ ಕುತೂಹಲ ಕೆರಳಿಸಬೇಕೋ, 'ಬೇಗ ಬನ್ನಿ' ಎಂದು ಅವಸರಪಡಿಸಬೇಕೋ? ಅರ್ಧ ಜನಕ್ಕೆ ಒಂದು, ಉಳಿದರ್ಧಕ್ಕೆ ಇನ್ನೊಂದು ಕಳಿಸಿ ನೋಡಿದರೆ ಗೊತ್ತಾಗುವುದಿಲ್ಲವೇ?

ಗೊತ್ತಾಗುತ್ತದೆ. ಆದರೆ ಒಂದೇ ತಿಂಗಳಲ್ಲಿ ಅಲ್ಲ. ಯಾಕೆಂದು ತಿಳಿಯಲು ನೂರು ವರ್ಷ ಹಿಂದಿನ ಒಂದು ಚಹಾದ ಕಥೆಗೆ ಹೋಗಬೇಕು.

1920ರ ದಶಕ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಕೊಟ್ಟ ಚಹಾವನ್ನು ಪಾಚಿಗಳ ತಜ್ಞೆ ಮ್ಯೂರಿಯಲ್ ಬ್ರಿಸ್ಟಲ್ ಬೇಡವೆಂದರು. ಕಪ್ಪಿಗೆ ಮೊದಲು ಹಾಲು ಹಾಕಬೇಕಿತ್ತಂತೆ. ಮೊದಲು ಬಿದ್ದದ್ದು ಹಾಲೋ ಚಹಾವೋ ಎಂದು ರುಚಿಯಲ್ಲೇ ಹೇಳಬಲ್ಲೆ ಎಂಬುದು ಆಕೆಯ ಮಾತು. ಫಿಶರ್ 1935ರ ತಮ್ಮ ಪುಸ್ತಕದಲ್ಲಿ ಇದನ್ನು ಪಾಠವಾಗಿಸಿದರು. ಎಂಟು ಕಪ್, ನಾಲ್ಕಕ್ಕೆ ಮೊದಲು ಹಾಲು, ನಾಲ್ಕಕ್ಕೆ ಮೊದಲು ಚಹಾ, ಕೊಡುವ ಕ್ರಮ ಮಾತ್ರ ಚೀಟಿ ಎತ್ತಿದ ಹಾಗೆ. ಮೊದಲು ಹಾಲು ಬಿದ್ದ ನಾಲ್ಕನ್ನು ರುಚಿ ನೋಡಿ ಆರಿಸಬೇಕು. ಎಂಟರಲ್ಲಿ ನಾಲ್ಕನ್ನು ಆರಿಸುವ ದಾರಿಗಳು 70. ಹಾಗಾಗಿ ಬರೀ ಅದೃಷ್ಟದಿಂದ ಎಲ್ಲವೂ ಸರಿಯಾಗುವ ಸಾಧ್ಯತೆ 70ರಲ್ಲಿ ಒಂದು. ನಾಲ್ಕರಲ್ಲಿ ಮೂರನ್ನು ಮಾತ್ರ ಸರಿಯಾಗಿ ಗುರುತಿಸಿದರೆ? ಕೇಳಲು ಅದೂ ಭರ್ಜರಿ ಸಾಧನೆಯೇ. ಆದರೆ ರುಚಿಯೇ ತಿಳಿಯದವರೂ ಅಷ್ಟನ್ನೋ ಅದಕ್ಕಿಂತ ಹೆಚ್ಚನ್ನೋ 70ರಲ್ಲಿ 17 ಸಲ, ಅಂದರೆ ಸುಮಾರು ನಾಲ್ಕು ಸಲಕ್ಕೊಮ್ಮೆ, ಸರಿಯಾಗಿ ಹೇಳಿಬಿಡುತ್ತಾರೆ. ಅದನ್ನು ಪುರಾವೆ ಎನ್ನಲಾಗದು.

ಈಗ ಅಂಗಡಿಗೆ ಬರೋಣ. ಈ ತಿಂಗಳು ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ರಿಯಾಯಿತಿಯಲ್ಲಿದೆ ಎಂದಿಟ್ಟುಕೊಳ್ಳಿ. ಮೊದಲ ಗುಂಪಿಗೆ 'ರಿಯಾಯಿತಿಯಲ್ಲಿ ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್: ಡಿಕನ್ಸ್ ಕೈಬಿಟ್ಟ ಮುಕ್ತಾಯ ಯಾವುದು?' ಎರಡನೆಯದಕ್ಕೆ 'ರಿಯಾಯಿತಿಯಲ್ಲಿ ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್: ಭಾನುವಾರ ರಾತ್ರಿಯವರೆಗೆ ಮಾತ್ರ.' ಎರಡರಲ್ಲೂ ಪುಸ್ತಕ ಒಂದೇ, ರಿಯಾಯಿತಿ ಒಂದೇ, ಒಳಗಿನ ಪತ್ರವೂ ಒಂದೇ; ಬದಲಾದದ್ದು ಬಾಲ ಮಾತ್ರ. ಒಂದರಲ್ಲಿ ರಿಯಾಯಿತಿಯ ಸುದ್ದಿಯೇ ಇಲ್ಲದಿದ್ದರೆ ಗೆದ್ದದ್ದು ಅವಸರವೋ ದುಡ್ಡಿನ ಉಳಿತಾಯವೋ ಹೇಳುವಂತಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಕುತೂಹಲದ ಸಾಲನ್ನು 'ನಿಮಗೊಂದು ಅಚ್ಚರಿ!' ಎಂದು ಬರೆಯಲಿಲ್ಲ, ಅದಕ್ಕೂ ಕಾರಣವಿದೆ. ತಿಳಿದದ್ದಕ್ಕೂ ತಿಳಿಯಬೇಕಾದದ್ದಕ್ಕೂ ನಡುವೆ ಒಂದು ಕಂದರ ಕಂಡಾಗ ಕುತೂಹಲ ಹುಟ್ಟುತ್ತದೆ ಎಂದು 1994ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಲೋವೆನ್‌ಸ್ಟೀನ್ ವಾದಿಸಿದರು. ಕಂದರ ಕಾಣಬೇಕಾದರೆ ಈಚೆ ದಡದಲ್ಲಿ ಕಾಲೂರಲು ಜಾಗ ಬೇಕು. ಡಿಕನ್ಸ್‌ನ ಹೆಸರು ಆ ಜಾಗ. ಮೊದಲು ಬರೆದ ಮುಕ್ತಾಯದಲ್ಲಿ ಕಥಾನಾಯಕ ಪಿಪ್ ಮತ್ತು ಅವನು ಪ್ರೀತಿಸಿದ ಎಸ್ಟೆಲಾ ಬೇರೆಯಾಗುತ್ತಾರೆ. ಗೆಳೆಯ ಬುಲ್ವರ್ ಲಿಟ್ಟನ್‌ನ ಸಲಹೆಯಂತೆ ಡಿಕನ್ಸ್ ಅದನ್ನು ಬದಲಿಸಿದ. ಈ ಉತ್ತರ ಪತ್ರದೊಳಗೆ ಇರಲೇಬೇಕು, ಇಲ್ಲದಿದ್ದರೆ ಅದು ಮೋಸ.

ಎಣಿಸುವುದು ಏನನ್ನು? ಎಷ್ಟು ಜನ ಪತ್ರ ತೆರೆದರು ಎಂಬುದನ್ನಲ್ಲ. ತೆರೆದ ಲೆಕ್ಕ ಸಿಗುವುದು ಪತ್ರದಲ್ಲಿ ಅಡಗಿಸಿಟ್ಟ, ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದು ಡೌನ್‌ಲೋಡ್ ಆದಾಗ. 2021ರಿಂದ ಆಪಲ್‌ನ ಮೇಲ್ ಆ್ಯಪ್‌ನಲ್ಲಿ ಖಾಸಗಿತನದ ರಕ್ಷಣೆಯನ್ನು ಆರಿಸಿಕೊಂಡವರ ಪತ್ರಗಳ ಚಿತ್ರಗಳನ್ನು, ಅವರು ತೆರೆಯಲಿ ಬಿಡಲಿ, ಆಪಲ್ ಮೊದಲೇ ತರಿಸಿಟ್ಟುಬಿಡುತ್ತದೆ. ಓದದವರೂ ಓದಿದವರ ಲೆಕ್ಕಕ್ಕೆ ಸೇರುತ್ತಾರೆ. ಪುಸ್ತಕದ ಕೊಂಡಿ ಒತ್ತಿದವರನ್ನು ಎಣಿಸುವುದು ವಾಸಿ.

ಸಾವಿರ ಜನರ ಅವಸರದ ಗುಂಪಿನಲ್ಲಿ 30 ಮಂದಿ ಕೊಂಡಿ ಒತ್ತಿದರು, ಕುತೂಹಲದ ಗುಂಪಿನಲ್ಲಿ 40 ಎಂದುಕೊಳ್ಳಿ. ಮೂರನೆಯ ಒಂದು ಭಾಗ ಹೆಚ್ಚು! ಗೆದ್ದೆವು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಎರಡೂ ಗುಂಪಿಗೆ ಒಂದೇ ಸಾಲು ಕಳಿಸಿದ್ದರೂ ಹತ್ತು ಮಂದಿಯ ಅಥವಾ ಅದಕ್ಕಿಂತ ದೊಡ್ಡ ಅಂತರ ಸುಮಾರು ನಾಲ್ಕು ಸಲಕ್ಕೊಮ್ಮೆ ತಾನಾಗಿಯೇ ಬರುತ್ತದೆ. ಇದು ಆ ಮೂರು ಕಪ್‌ಗಳ ಸಾಧನೆಯಷ್ಟೇ ಗಟ್ಟಿ.

ಆರು ತಿಂಗಳು ಹೀಗೇ ನಡೆದು 6,000 ಪತ್ರಗಳಿಗೆ 180, ಇನ್ನೊಂದು 6,000ಕ್ಕೆ 240 ಆದರೆ ಮಾತೇ ಬೇರೆ. ಅಷ್ಟು ಅಂತರ ಬರೀ ಅದೃಷ್ಟದಿಂದ ಬರುವುದು ಸುಮಾರು ಮುನ್ನೂರರಲ್ಲಿ ಒಮ್ಮೆ. ಪ್ರಮಾಣ ಅದೇ, ಎಣಿಕೆ ದೊಡ್ಡದು. ಒಂದೇ ಸಂಜೆಯ ಪರೀಕ್ಷೆಯಿಂದ 'ಗೆಲ್ಲುವ ಸಾಲು' ಹೇಳಿಕೊಡುತ್ತೇವೆ ಎನ್ನುವ ಮಾರ್ಕೆಟಿಂಗ್ ಸಲಹೆಗಳನ್ನು ನಾನು ನಂಬದಿರುವುದು ಇದಕ್ಕೇ.

ಆದ್ದರಿಂದ ಆ ಓದುಗರಲ್ಲಿ ನನ್ನ ಕೋರಿಕೆ: ಪ್ರತಿ ತಿಂಗಳೂ ಹೆಸರುಗಳನ್ನು ಹೊಸದಾಗಿ ಕಲಸಿ ಎರಡು ಪಾಲು ಮಾಡಿ. ಎರಡೂ ಪಾಲಿಗೆ ಒಂದೇ ಗಳಿಗೆಯಲ್ಲಿ ಕಳಿಸಿ. ಆರು ತಿಂಗಳೆಂದು ಈಗಲೇ ಬರೆದಿಟ್ಟುಕೊಳ್ಳಿ, ಎರಡನೇ ತಿಂಗಳ ಅಂಕಿ ಚೆನ್ನಾಗಿ ಕಂಡಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಭಾನುವಾರ ಎಂದು ಬರೆದಿದ್ದರೆ ರಿಯಾಯಿತಿಯನ್ನು ಭಾನುವಾರ ರಾತ್ರಿಯೇ ಮುಗಿಸಿ.