ರಿಟೆಂಟಿವ್ ಮೆಮೊರಿ

ರಿಟೆಂಟಿವ್ ಮೆಮೊರಿ ಎಂದರೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರಿನಲ್ಲಿ (ಪಿಎಲ್‌ಸಿ) ವಿದ್ಯುತ್ ಕಡಿತವಾದರೂ ತನ್ನ ಮೌಲ್ಯವನ್ನು ಉಳಿಸಿಕೊಳ್ಳುವ ಮೆಮೊರಿಯ ಭಾಗ. ಉಳಿದ ಭಾಗದ ಮೌಲ್ಯಗಳು ವಿದ್ಯುತ್ ಹೋದೊಡನೆ ಅಳಿಸಿಹೋಗಿ, ಕಂಟ್ರೋಲರ್ ಪುನಃ ಆರಂಭವಾದಾಗ ಸೊನ್ನೆಗೆ ಅಥವಾ ನಿಗದಿತ ಆರಂಭಿಕ ಮೌಲ್ಯಕ್ಕೆ ಮರಳುತ್ತವೆ. ಯಾವ ಮೌಲ್ಯವನ್ನು ಯಾವ ಭಾಗದಲ್ಲಿಡಬೇಕು ಎಂಬುದನ್ನು ಪ್ರೋಗ್ರಾಂ ಬರೆಯುವವರು ನಿರ್ಧರಿಸುತ್ತಾರೆ. ಪಿಎಲ್‌ಸಿ ಭಾಷೆಗಳ ಅಂತಾರಾಷ್ಟ್ರೀಯ ಮಾನದಂಡವಾದ ಐಇಸಿ 61131-3ರಲ್ಲಿ ಇದಕ್ಕಾಗಿ `RETAIN` ಎಂಬ ಪದವಿದೆ. ಕೆಲವು ಕಂಟ್ರೋಲರುಗಳಲ್ಲಿ ಮೆಮೊರಿ ವಿಳಾಸವೇ ಇದನ್ನು ಸೂಚಿಸುತ್ತದೆ.

## ವಿಳಾಸಗಳ ವಿಂಗಡಣೆ

ಮಿತ್ಸುಬಿಷಿ ಸಂಸ್ಥೆಯ ಎಫ್‌ಎಕ್ಸ್3ಯು ಕಂಟ್ರೋಲರಿನ ಆರಂಭಿಕ ಹೊಂದಾಣಿಕೆಯಲ್ಲಿ `M0`ರಿಂದ `M499`ರವರೆಗಿನ ಆಂತರಿಕ ರಿಲೇಗಳು ಸಾಮಾನ್ಯವಾದವು. `M500`ರಿಂದ `M7679`ರವರೆಗಿನವು ಮೌಲ್ಯ ಉಳಿಸಿಕೊಳ್ಳುವವು. 16 ಬಿಟ್ ಕೌಂಟರುಗಳಲ್ಲಿ `C0`–`C99` ಸಾಮಾನ್ಯವಾದವು, `C100`–`C199` ಉಳಿಸಿಕೊಳ್ಳುವವು. ಇಂತಹ ಕೌಂಟರ್ ತನ್ನ ಎಣಿಕೆಯನ್ನಷ್ಟೇ ಅಲ್ಲದೆ, ಎಣಿಕೆ ಪೂರ್ಣಗೊಂಡಿದೆ ಎಂದು ತಿಳಿಸುವ ಸಂಪರ್ಕದ ಸ್ಥಿತಿಯನ್ನೂ ಉಳಿಸಿಕೊಳ್ಳುತ್ತದೆ.

## ಉದಾಹರಣೆ

ಒಂದು ಪೆಟ್ಟಿಗೆಗೆ 24 ಬಾಟಲಿಗಳನ್ನು ತುಂಬಿ ಮುಂದೆ ತಳ್ಳುವ ಯಂತ್ರವೊಂದನ್ನು ಪರಿಗಣಿಸಬಹುದು. `X000` ಬಾಟಲಿಯನ್ನು ಗುರುತಿಸುವ ಸೆನ್ಸರ್, `Y000` ಪೆಟ್ಟಿಗೆಯನ್ನು ತಳ್ಳುವ ಸಿಲಿಂಡರ್, `X001` ಸಿಲಿಂಡರ್ ತುದಿ ಮುಟ್ಟಿದಾಗ ಒತ್ತಲ್ಪಡುವ ಸ್ವಿಚ್.

```
LD  X000
OUT C100 K24
LD  C100
AND M0
OUT Y000
LD  X001
RST C100
```

17 ಬಾಟಲಿಗಳು ತುಂಬಿದಾಗ ವಿದ್ಯುತ್ ಹೋಯಿತೆಂದು ಭಾವಿಸೋಣ. ಎಣಿಕೆಗೆ `C0` ಬಳಸಿದ್ದರೆ ಅದು ಸೊನ್ನೆಗೆ ಮರಳಿ, ಅದೇ ಪೆಟ್ಟಿಗೆಗೆ ಮತ್ತೆ 24 ಬಾಟಲಿಗಳನ್ನು, ಅಂದರೆ ಒಟ್ಟು 41 ಬಾಟಲಿಗಳನ್ನು ತುಂಬಲು ಯಂತ್ರ ಹವಣಿಸುತ್ತದೆ. `C100` ಬಳಸಿದ್ದರೆ ಎಣಿಕೆ 18ರಿಂದ ಮುಂದುವರಿಯುತ್ತದೆ.

ಆದರೆ 24ನೆಯ ಬಾಟಲಿ ಬಿದ್ದ ಕ್ಷಣದಲ್ಲೇ ವಿದ್ಯುತ್ ಹೋದರೆ `C100`ರ ಸಂಪರ್ಕವೂ ಮುಚ್ಚಿದ ಸ್ಥಿತಿಯಲ್ಲೇ ಉಳಿಯುತ್ತದೆ. ಪ್ರೋಗ್ರಾಮಿನಲ್ಲಿ `AND M0` ಸಾಲು ಇಲ್ಲದಿದ್ದರೆ, ವಿದ್ಯುತ್ ಬಂದು ಕಂಟ್ರೋಲರ್ ಓಡತೊಡಗಿದ ಕೂಡಲೇ ಸಿಲಿಂಡರ್ ತಾನಾಗಿಯೇ ಚಲಿಸುತ್ತದೆ. ಆ ವೇಳೆಗೆ ಸಿಕ್ಕಿಕೊಂಡ ಬಾಟಲಿಯನ್ನು ತೆಗೆಯಲು ಯಾರಾದರೂ ಕೈ ಹಾಕಿದ್ದರೆ ಅಪಘಾತವಾಗುತ್ತದೆ. `M0` ಎಂಬುದು ಸ್ಟಾರ್ಟ್ ಗುಂಡಿ ಒತ್ತಿದಾಗ ಚಾಲೂ ಆಗುವ ಸಾಮಾನ್ಯ ರಿಲೇ. ವಿದ್ಯುತ್ ಹೋದಾಗ ಅದು ಅಳಿಸಿಹೋಗುವುದರಿಂದ, ಗುಂಡಿಯನ್ನು ಮತ್ತೆ ಒತ್ತುವವರೆಗೆ ಪ್ರೋಗ್ರಾಂ ಸಿಲಿಂಡರನ್ನು ಚಲಿಸಲು ಬಿಡುವುದಿಲ್ಲ. `M0` ಬದಲಿಗೆ `M500` ಬಳಸಿದರೆ ಈ ರಕ್ಷಣೆ ಇಲ್ಲವಾಗುತ್ತದೆ. ಆದ್ದರಿಂದ ಎಣಿಕೆ, ದುಡಿದ ಗಂಟೆಗಳು ಮುಂತಾದ ಪ್ರಮಾಣಗಳನ್ನು ಉಳಿಸಿಕೊಳ್ಳುವುದು, ಚಲನೆಯ ಆಜ್ಞೆಗಳನ್ನು ಮರೆಯಲು ಬಿಡುವುದು ರೂಢಿಯಲ್ಲಿರುವ ಕ್ರಮ. ಇದು ತುರ್ತು ನಿಲುಗಡೆಯ ಪ್ರತ್ಯೇಕ ಸುರಕ್ಷತಾ ಮಂಡಲಕ್ಕೆ ಬದಲಿಯಲ್ಲ.

## ಬ್ಯಾಟರಿಯ ಪಾತ್ರ

ಎಫ್‌ಎಕ್ಸ್3ಯು ಕಂಟ್ರೋಲರಿನಲ್ಲಿ ಈ ಮೌಲ್ಯಗಳನ್ನು ಲಿಥಿಯಂ ಬ್ಯಾಟರಿ ಕಾಯುತ್ತದೆ. ಗಡಿಯಾರವೂ ಅದೇ ಬ್ಯಾಟರಿಯನ್ನು ಅವಲಂಬಿಸಿದೆ. ಫ್ಲ್ಯಾಶ್ ಮೆಮೊರಿ ಕ್ಯಾಸೆಟ್ ಅಳವಡಿಸದಿದ್ದರೆ ಪ್ರೋಗ್ರಾಂ ಕೂಡ ಬ್ಯಾಟರಿಯ ಬಲದಲ್ಲೇ ಉಳಿದಿರುತ್ತದೆ.

ಮುಖ್ಯ ವಿದ್ಯುತ್ ಇರುವವರೆಗೆ ಬ್ಯಾಟರಿ ಬರಿದಾಗಿದ್ದರೂ ಯಂತ್ರ ಸರಿಯಾಗಿಯೇ ನಡೆಯುತ್ತದೆ. ದೋಷವು ರಜೆಯ ನಂತರ ವಿದ್ಯುತ್ ಹಾಕಿದಾಗಲಷ್ಟೇ ಎಣಿಕೆ ಸೊನ್ನೆಯಾಗಿರುವುದು, ಗಡಿಯಾರ ತಪ್ಪಾಗಿರುವುದು ಅಥವಾ ಪ್ರೋಗ್ರಾಂ ಇಲ್ಲದಿರುವುದು ಎಂಬ ರೂಪದಲ್ಲಿ ಕಾಣುತ್ತದೆ. ಮುನ್ಸೂಚನೆಯಾಗಿ ವೋಲ್ಟೇಜ್ ಇಳಿದಾಗ `BATT` ದೀಪ ಉರಿಯುತ್ತದೆ ಮತ್ತು `M8005` ರಿಲೇ ಚಾಲೂ ಆಗುತ್ತದೆ. ದೀಪವು ಮುಚ್ಚಿದ ಪ್ಯಾನೆಲ್ಲಿನೊಳಗೆ ಯಾರಿಗೂ ಕಾಣದಿರಬಹುದಾದ್ದರಿಂದ, `M8005` ಮೂಲಕ ಹೊರಗಿನ ಎಚ್ಚರಿಕೆ ದೀಪವೊಂದನ್ನು ಉರಿಸುವುದು ಉಪಯುಕ್ತ. ಬ್ಯಾಟರಿ ಬದಲಿಸುವ ಮೊದಲು ಪ್ರೋಗ್ರಾಂ ಮತ್ತು ಮೌಲ್ಯಗಳ ಪ್ರತಿಯನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಬೇಕು.

## ಬ್ಯಾಟರಿರಹಿತ ಕಂಟ್ರೋಲರುಗಳು

ಸೀಮೆನ್ಸ್ ಸಂಸ್ಥೆಯ ಎಸ್7-1200ರಂತಹ ಕಂಟ್ರೋಲರುಗಳು ಪ್ರೋಗ್ರಾಂ ಮತ್ತು ಆಯ್ದ ಮೌಲ್ಯಗಳನ್ನು ಬ್ಯಾಟರಿಯಿಲ್ಲದೆಯೇ ಉಳಿಸಿಕೊಳ್ಳುತ್ತವೆ. ಆದರೆ ಗಡಿಯಾರ ನಿರಂತರವಾಗಿ ಓಡಬೇಕಾದ್ದರಿಂದ ಅದಕ್ಕೆ ವಿದ್ಯುತ್ ಬೇಕೇ ಬೇಕು. ಎಸ್7-1200ರಲ್ಲಿ ಅದನ್ನು ಸೂಪರ್ ಕೆಪಾಸಿಟರ್ ಸಾಮಾನ್ಯವಾಗಿ ಸುಮಾರು 20 ದಿನ ನಡೆಸುತ್ತದೆ. ಹೀಗಾಗಿ ದೀರ್ಘಕಾಲ ನಿಂತ ಯಂತ್ರದಲ್ಲಿ ಎಣಿಕೆ ಸರಿಯಿದ್ದು ದಿನಾಂಕ ಮಾತ್ರ ತಪ್ಪಿರಬಹುದು.

## ಮಿತಿ

ಕಂಟ್ರೋಲರ್ ನೆನಪಿಡುವುದು ತಾನು ಕೊನೆಯದಾಗಿ ದಾಖಲಿಸಿದ ಮೌಲ್ಯವನ್ನೇ ಹೊರತು ಯಂತ್ರದ ಈಗಿನ ಸ್ಥಿತಿಯನ್ನಲ್ಲ. ಮೇಲಿನ ಉದಾಹರಣೆಯಲ್ಲಿ ವಿದ್ಯುತ್ ಇಲ್ಲದಾಗ ಯಾರಾದರೂ ಪೆಟ್ಟಿಗೆಯಿಂದ ಎರಡು ಬಾಟಲಿ ತೆಗೆದರೂ `C100`ರಲ್ಲಿ 17 ಎಂದೇ ಇರುತ್ತದೆ. ಆ ಪೆಟ್ಟಿಗೆ 22 ಬಾಟಲಿಗಳೊಂದಿಗೆ ಮುಂದೆ ಹೋಗುತ್ತದೆ. ಇದನ್ನು ತಪ್ಪಿಸಲು, ಪುನರಾರಂಭದಲ್ಲಿ ಅರ್ಧ ತುಂಬಿದ ಪೆಟ್ಟಿಗೆಯನ್ನು ಹೊರತೆಗೆದು ಎಣಿಕೆಯನ್ನು ಸೊನ್ನೆಗೆ ತರುವ ಗುಂಡಿಯೊಂದನ್ನು ನಿರ್ವಾಹಕರಿಗೆ ಒದಗಿಸಬಹುದು.