ರಾಜ್ಮಾ ಬೇಯದಿದ್ದರೆ ಉಪ್ಪನ್ನು ದೂರಬೇಡಿ

ಒಂದು ಭಾನುವಾರ ಊಟಕ್ಕೆ ನೆಂಟರು ಬರುವವರಿದ್ದರು. ಹಿಂದಿನ ರಾತ್ರಿ ನೆನೆಹಾಕಿದ್ದ ರಾಜ್ಮಾವನ್ನು ಈರುಳ್ಳಿ, ಟೊಮೆಟೊ, ಹುಣಸೆರಸದ ಸಮೇತ ಕುಕ್ಕರಿಗೆ ಹಾಕಿ ಆರು ಕೂಗು ಕೂಗಿಸಿದೆ. ಮುಚ್ಚಳ ತೆಗೆದರೆ ಮಸಾಲೆ ಘಮಘಮ, ಕಾಳು ಮಾತ್ರ ಹಲ್ಲಿಗೆ ಕರಕರ. ‘ಮೊದಲೇ ಉಪ್ಪು ಹಾಕಿದ್ದೀಯ, ಎಲ್ಲಿಂದ ಬೇಯಬೇಕು?’ ಎಂದರು ಅತ್ತೆ. ನಾನೂ ನಂಬಿದೆ. ತಪ್ಪು ಉಪ್ಪಿನದಲ್ಲ, ಹುಳಿಯದು ಎಂದು ಗೊತ್ತಾದದ್ದು ಆಮೇಲೆ.

ಕಾಳಿನ ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿಡುವುದು ಪೆಕ್ಟಿನ್ ಎಂಬ ಅಂಟು. ಆ ಅಂಟನ್ನು ಗಟ್ಟಿ ಮಾಡುವುದು ಅದರೊಳಗಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪುನೀರಲ್ಲಿ ನೆನೆಸಿದಾಗ ಉಪ್ಪಿನ ಸೋಡಿಯಂ ಒಳಹೊಕ್ಕು ಅವುಗಳಲ್ಲಿ ಒಂದಷ್ಟನ್ನು ಹೊರದೂಡಿ ತಾನು ಕೂರುತ್ತದೆ, ಸಿಪ್ಪೆ ಸಡಿಲವಾಗುತ್ತದೆ. ಹಾಗಾಗಿ ಉಪ್ಪು ಬೇಯಲು ನೆರವಾಗುತ್ತದೆಯೇ ಹೊರತು ಅಡ್ಡಿಯಲ್ಲ. ಹುಳಿಯದು ಇದಕ್ಕೆ ತದ್ವಿರುದ್ಧ: ಟೊಮೆಟೊ, ಹುಣಸೆ, ನಿಂಬೆ ಯಾವುದಾದರೂ ಸರಿ, ಪೆಕ್ಟಿನ್ ಕರಗದಂತೆ ತಡೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿರುವುದರಿಂದ ಅದೂ ಅದೇ ಕೆಲಸ ಮಾಡುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವ ನೀರು ನಿಮ್ಮದಾದರೆ, ಕಾಳಿಗೆ ಕುಡಿಯುವ ಫಿಲ್ಟರ್ ನೀರನ್ನೇ ಬಳಸಿ.

ಈಗ ನಾನು ಮಾಡುವುದು ಹೀಗೆ. ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ರಾಜ್ಮಾವನ್ನು ತೊಳೆದು, ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಪುಡಿ ಉಪ್ಪು ಕರಗಿಸಿ ಅದರಲ್ಲಿ ಹಾಕುತ್ತೇನೆ. ಪಾತ್ರೆ ದೊಡ್ಡದಿರಲಿ, ಬೆಳಗಾಗುವಷ್ಟರಲ್ಲಿ ಕಾಳು ಎರಡು ಪಟ್ಟಿಗೂ ಮೀರಿ ಉಬ್ಬಿರುತ್ತದೆ. ಎಂಟರಿಂದ ಹತ್ತು ಗಂಟೆ ಸಾಕು. ಒಂದು ಕಾಳನ್ನು ಉಗುರಿನಿಂದ ಸೀಳಿ ನೋಡಿ: ನಡುವೆ ಒಣಗಿದ ಬಿಳಿ ತಿರುಳು ಉಳಿದಿದ್ದರೆ ಇನ್ನೂ ನೆನೆಯಬೇಕು. ಬೇಸಿಗೆಯಲ್ಲಿ ಹೊರಗೇ ಬಿಟ್ಟರೆ ನೊರೆ ಬಂದು ಹುಳಿವಾಸನೆ ಹೊಡೆಯುತ್ತದೆ, ಫ್ರಿಜ್ಜಿನಲ್ಲಿಡುವುದು ಕ್ಷೇಮ. ನೆನೆಹಾಕಲು ಮರೆತ ದಿನ ಕಾಳನ್ನು ಎರಡು ನಿಮಿಷ ಕುದಿಸಿ, ಒಲೆ ಆರಿಸಿ, ಮುಚ್ಚಿ ಒಂದು ಗಂಟೆ ಬಿಡಿ. ರಾತ್ರಿಯಿಡೀ ನೆನೆದಷ್ಟು ಸಮನಾಗಿ ಬರದಿದ್ದರೂ ಕೆಲಸ ನಡೆಯುತ್ತದೆ.

ನೆನೆಸಿದ ನೀರನ್ನು ಚೆಲ್ಲಿ, ಕಾಳು ತೊಳೆದು, ಮೇಲೆ ಎರಡು ಬೆರಳು ನಿಲ್ಲುವಷ್ಟು ಹೊಸ ನೀರು, ಅರ್ಧ ಚಮಚ ಉಪ್ಪು, ಒಂದು ಚಮಚ ಎಣ್ಣೆ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಕಾಳಿನ ನೊರೆ ಉಕ್ಕಿ ಆವಿಯ ಕಿಂಡಿ ಕಟ್ಟಿಕೊಳ್ಳುತ್ತದೆ; ಎಣ್ಣೆ ಹಾಕುವುದೂ ಆ ನೊರೆ ತಗ್ಗಲೆಂದೇ.

ಕೂಗಿನ ಲೆಕ್ಕವನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಒಲೆ ಜೋರಾಗಿದ್ದರೆ ಆರು ಕೂಗು ಐದಾರು ನಿಮಿಷದಲ್ಲಿ ಮುಗಿಯುತ್ತದೆ, ಸಣ್ಣಗಿದ್ದರೆ ಅರ್ಧ ಗಂಟೆ ಎಳೆಯುತ್ತದೆ. ಕಾಳು ಬೇಯುವುದು ಕೂಗಿಗಲ್ಲ, ಒಳಗೆ ಸುಮಾರು 120 ಡಿಗ್ರಿಗೆ ಏರಿದ ಶಾಖದಲ್ಲಿ ಕಳೆದ ಹೊತ್ತಿಗೆ. ಜೋರು ಉರಿಯಲ್ಲಿ ಮೊದಲ ಕೂಗು ಬಂದ ಕೂಡಲೇ ಉರಿ ಸಣ್ಣ ಮಾಡಿ ಗಡಿಯಾರ ನೋಡಿ. ನೆನೆದ ರಾಜ್ಮಾಕ್ಕೆ 15ರಿಂದ 20 ನಿಮಿಷ. ಕಾಬೂಲ್ ಕಡಲೆಗೂ ಹೆಚ್ಚುಕಡಿಮೆ ಅಷ್ಟೇ. ಉಸಲಿಗೆ ಹಾಕುವ ನಮ್ಮ ಕಂದು ಕಡಲೆಕಾಳು ಮೊಂಡು, ಇನ್ನೊಂದೈದು ನಿಮಿಷ ಕೇಳುತ್ತದೆ. ಆಮೇಲೆ ಒಲೆ ಆರಿಸಿ ಆವಿ ತಾನಾಗಿ ಇಳಿಯಲಿ. ಅವಸರಕ್ಕೆ ವೈಟ್ ಎತ್ತಿದರೆ ಕಾಳಿನೊಳಗಿನ ನೀರು ಒಮ್ಮೆಲೇ ಕುದ್ದು ಸಿಪ್ಪೆ ಒಡೆಯುತ್ತದೆ.

ಒಂದೇ ಕಾಳು ಹಿಚುಕಿ ನಂಬಬೇಡಿ, ಐದಾರನ್ನು ಹಿಚುಕಿ. ಎಲ್ಲವೂ ಬೆಣ್ಣೆಯಂತಾದ ಮೇಲೆಯೇ ಟೊಮೆಟೊ, ಹುಣಸೆ. ರಾಜ್ಮಾ ವಿಷಯದಲ್ಲಿ ಇದು ಬರೀ ರುಚಿಯ ಮಾತಲ್ಲ. ಹಸಿ ಕಾಳಿನಲ್ಲಿ ಲೆಕ್ಟಿನ್ ಎಂಬ ವಿಷವಸ್ತುವಿದೆ; ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಚೆನ್ನಾಗಿ ಕುದಿದರೆ ಅದು ನಾಶವಾಗುತ್ತದೆ, ಕುಕ್ಕರಿನಲ್ಲಿ ಆ ಚಿಂತೆಯಿಲ್ಲ. ಆದರೆ ಕುದಿಯದೆ ಗಂಟೆಗಟ್ಟಲೆ ಬೆಚ್ಚಗೆ ಬೇಯಿಸುವ ಸ್ಲೋ ಕುಕ್ಕರಿಗೆ ರಾಜ್ಮಾವನ್ನು ನೇರವಾಗಿ ಹಾಕಲೇಬಾರದು.

ಅಡುಗೆ ಸೋಡಾ ಚಿಟಿಕೆ ಹಾಕಿದರೆ ಕಾಳು ಬೇಗ ಬೇಯುವುದು ನಿಜ. ಕಡಲೆಯನ್ನು ನುಣ್ಣಗೆ ರುಬ್ಬುವುದಿದ್ದರೆ ಸರಿ. ಇಡೀ ಕಾಳು ಬೇಕಿದ್ದರೆ ಬೇಡ, ಲೊಳಲೊಳ ಆಗುತ್ತದೆ, ಕೈ ಮೀರಿದರೆ ಸಾಬೂನಿನ ರುಚಿ.

ಇಷ್ಟೆಲ್ಲ ಮಾಡಿ, ಮತ್ತೆ ಹತ್ತು ನಿಮಿಷ ಬೇಯಿಸಿದ ಮೇಲೂ ನಡುವೆ ಗಟ್ಟಿಯಿದ್ದರೆ ಅದು ಸೆಕೆಯ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೇ ಕಾಳು. ಅದಕ್ಕೆ ಮದ್ದಿಲ್ಲ. ಮುಂದಿನ ಸಲ ಅಂಗಡಿ ಬದಲಿಸಿ.