ಕ್ಲೋರೈಡ್ ಮತ್ತು ಕ್ರೋಮೇಟ್ ಅಯಾನುಗಳ ಆಂಶಿಕ ಪ್ರಕ್ಷೇಪನ

ಒಂದೇ ದ್ರಾವಣದಲ್ಲಿರುವ ಅಯಾನುಗಳನ್ನು ಒಂದೇ ಕಾರಕದಿಂದ ಒಂದಾದ ಮೇಲೊಂದರಂತೆ ಪ್ರಕ್ಷೇಪಿಸಿ ಬೇರ್ಪಡಿಸುವ ವಿಧಾನವೇ ಆಂಶಿಕ ಪ್ರಕ್ಷೇಪನ. ಕ್ಲೋರೈಡ್ ಮತ್ತು ಕ್ರೋಮೇಟ್ ಎರಡೂ ಇರುವ ದ್ರಾವಣಕ್ಕೆ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಸೇರಿಸುವುದು ಇದಕ್ಕೊಂದು ಉದಾಹರಣೆ.

25 °C ಉಷ್ಣತೆಯಲ್ಲಿ AgCl ಲವಣದ ವಿಲೀನತಾ ಗುಣಲಬ್ಧ 1.8×10⁻¹⁰, Ag₂CrO₄ ಲವಣದ್ದು 1.1×10⁻¹². ಎರಡನೆಯದು ಚಿಕ್ಕದಾದ್ದರಿಂದ ಕ್ರೋಮೇಟ್ ಮೊದಲು ಪ್ರಕ್ಷೇಪಗೊಳ್ಳುತ್ತದೆ ಎಂದು ತೋರಬಹುದು, ಇದು ತಪ್ಪು. ಎರಡು ಲವಣಗಳ ಸೂತ್ರಗಳಲ್ಲಿ ಬೆಳ್ಳಿ ಅಯಾನುಗಳ ಸಂಖ್ಯೆ ಬೇರೆಯಾಗಿರುವುದರಿಂದ ಗುಣಲಬ್ಧಗಳನ್ನು ನೇರವಾಗಿ ಹೋಲಿಸಲಾಗದು. ಹೋಲಿಸಬೇಕಾದದ್ದು ಪ್ರಕ್ಷೇಪ ಆರಂಭವಾಗಲು ಬೇಕಾದ ಬೆಳ್ಳಿ ಅಯಾನಿನ ಸಾರತೆಯನ್ನು.

ದ್ರಾವಣದಲ್ಲಿ ಕ್ಲೋರೈಡ್ 0.10 M, ಕ್ರೋಮೇಟ್ 0.010 M ಇವೆ ಎಂದುಕೊಂಡರೆ:

AgCl: [Ag⁺] = 1.8×10⁻¹⁰ ÷ 0.10 = 1.8×10⁻⁹ M

Ag₂CrO₄: [Ag⁺] = √(1.1×10⁻¹² ÷ 0.010) = 1.05×10⁻⁵ M

ಕಡಿಮೆ ಬೆಳ್ಳಿ ಸಾಕಾಗುವ ಸಿಲ್ವರ್ ಕ್ಲೋರೈಡ್ ಮೊದಲು ಬಿಳಿ ಪ್ರಕ್ಷೇಪವಾಗಿ ಬೀಳುತ್ತದೆ. ಕೆಂಪು ಸಿಲ್ವರ್ ಕ್ರೋಮೇಟ್ ಉಂಟಾಗತೊಡಗುವಾಗ ದ್ರಾವಣದಲ್ಲಿ ಉಳಿಯುವ ಕ್ಲೋರೈಡ್ 1.7×10⁻⁵ M, ಅಂದರೆ ಮೊದಲಿದ್ದುದರ ಸುಮಾರು ಶೇ. 0.017 ಮಾತ್ರ.

ಕಾರಕವನ್ನು ಅವಸರದಿಂದ ಸುರಿದರೆ ಅದು ಬಿದ್ದ ಜಾಗದಲ್ಲಿ ಬೆಳ್ಳಿಯ ಸಾರತೆ ಹೆಚ್ಚಾಗಿ, ಕ್ಲೋರೈಡ್ ಮುಗಿಯುವ ಮೊದಲೇ ಕೆಂಪು ಬಣ್ಣ ಕಾಣುತ್ತದೆ. ಕಲಕಿದಾಗ ಅದು ಮಾಯವಾದರೆ ಕ್ಲೋರೈಡ್ ಇನ್ನೂ ಉಳಿದಿದೆ ಎಂದರ್ಥ. ಆಮ್ಲೀಯ ದ್ರಾವಣದಲ್ಲಿ ಕ್ರೋಮೇಟ್ ಡೈಕ್ರೋಮೇಟ್ ಆಗಿ ಮಾರ್ಪಡುವುದರಿಂದ ಕೆಂಪು ಪ್ರಕ್ಷೇಪ ತಡವಾಗಿ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ.